ಟೆಸ್ಟ್ ಬಾರ್ ಪಾಸ್ ಆಗ್ತದೆ, ಅದೇ ಹೀಟ್‌ನ ಕ್ಯಾಸ್ಟಿಂಗ್ ಮುರೀತದೆ, ಎಂತ ಕಾರಣ?

ಮಂಜು_ಮಾಚೇನಹಳ್ಳಿ

ನಮಸ್ಕಾರ ಎಲ್ರಿಗೂ. ಶಿವಮೊಗ್ಗದ ಹತ್ರ ಒಂದು ಸಣ್ಣ ಅಲ್ಯೂಮಿನಿಯಂ ಫೌಂಡ್ರಿಲಿ ಕ್ವಾಲಿಟಿ ಕೆಲಸ ನನ್ದು. ಒಂದು ಬ್ರಾಕೆಟ್ ಮಾಡ್ತಿದೀವಿ, ಮರಳು ಅಚ್ಚಲ್ಲಿ ಎರಕ, ತಾಮ್ರ 4.5 ಪರ್ಸೆಂಟ್, ಮೆಗ್ನೀಸಿಯಂ 0.25, ಮ್ಯಾಂಗನೀಸ್ 0.3, ಸಿಲಿಕಾನ್ ಮತ್ತೆ ಕಬ್ಬಿಣ ಎರಡೂ 0.1ರ ಒಳಗೆ. ಬ್ರಾಕೆಟ್‌ನ ತೋಳು 8 ಎಂಎಂ, ಬೋಲ್ಟ್ ಕೂರೋ ಬಾಸ್ ಮಾತ್ರ ದಪ್ಪ, 45 ಎಂಎಂ. 525 ಡಿಗ್ರಿಲಿ 6 ಗಂಟೆ ಇಟ್ಟು ಬಿಸಿನೀರಿಗೆ ಕ್ವೆಂಚ್, ಆಮೇಲೆ ಏಜಿಂಗ್‌ಗೆ ಫರ್ನೇಸ್‌ಗೆ ಹಾಕಲ್ಲ, ಹಂಗೇ ಬಿಡೋದು. ಗಿರಾಕಿ ಕೇಳೋದು 8 ಪರ್ಸೆಂಟ್ ಎಲಾಂಗೇಶನ್. ಬೇರೆಯಾಗಿ ಕಬ್ಬಿಣದ ಅಚ್ಚಲ್ಲಿ ಹುಯ್ದ ಟೆಸ್ಟ್ ಬಾರ್ 11 ಕೊಡ್ತದೆ, ಬಾಸ್ ಕತ್ತರಿಸಿ ಮಾಡಿದ ಬಾರ್ 2.5ಕ್ಕೇ ಪಟ್ ಅಂತ ಹೋಗ್ತದೆ. ಒಂದೇ ಲ್ಯಾಡಲ್, ಒಂದೇ ಫರ್ನೇಸ್, ಒಂದೇ ಬುಟ್ಟಿ. ಎಕ್ಸ್-ರೇ ಮಾಡಿಸಿದ್ವಿ, ಹೇಳೋವಂಥ ಪೊರಾಸಿಟಿ ಇಲ್ಲ. ಹಾಗಾದ್ರೆ ಎಲ್ಲಿ ಹೋಯ್ತು ಈ ಎಲಾಂಗೇಶನ್ನು?

ಸ್ಪೆಕ್ಟ್ರೋ_ಸಾಗರ

ಮಂಜಣ್ಣ, ಮೊದ್ಲು ಕೆಮಿಸ್ಟ್ರಿ ಸರಿ ಮಾಡ್ಕೊಳ್ಳಿ. ನಮ್ಮಲ್ಲೂ ಹಿಂಗೇ ಆಗಿತ್ತು, ತಾಮ್ರ ಮೇಲಕ್ಕೆ ಹೋಗಿತ್ತು. ಬಾಸ್ ಮೇಲೆ ಸ್ಪಾರ್ಕ್ ಹೊಡ್ಸಿ ನೋಡಿ, 5ರ ಮೇಲೆ ಬಂದ್ರೆ ಚಾರ್ಜ್ ಲೆಕ್ಕಾನೇ ತಪ್ಪಿರ್ತದೆ, ಫರ್ನೇಸ್ ಮೇಲೆ ಯಾಕೆ ಅನುಮಾನ.

ಮಂಜು_ಮಾಚೇನಹಳ್ಳಿ

ಹೊಡ್ಸಿದೆ. ಬಾಸ್‌ನ ಹೊರಮೈ ಸ್ವಲ್ಪ ಉಜ್ಜಿ ಹೊಡೆದ್ರೆ 5.1, ಕತ್ತರಿಸಿ ಒಳಗೆ ಮಧ್ಯಕ್ಕೆ ಹೊಡೆದ್ರೆ 4.3. ಲ್ಯಾಡಲ್‌ನಿಂದ ತಗೊಂಡ ಬಿಲ್ಲೆ 4.5. ಈಗ ಯಾವ್ದನ್ನ ನಂಬ್ಬೇಕು?

ಲೋಹದಕ್ಕ

ಬಿಲ್ಲೆನ ನಂಬಿ. ಹೊರಮೈಲಿ 5.1 ಬಂದಿದ್ದು ಚಾರ್ಜ್ ತಪ್ಪಿಂದ ಅಲ್ಲ. ಅಲ್ಯೂಮಿನಿಯಂ-ತಾಮ್ರದಲ್ಲಿ ಇದು ಮಾಮೂಲು, ಹೊರಗಡೆಯಿಂದ ಮೊದ್ಲು ಗಟ್ಟಿ ಆಗ್ತಾ ಬರುವಾಗ ಲೋಹ ಕುಗ್ಗುತ್ತೆ, ಆ ಕುಗ್ಗಿದ ಜಾಗ ತುಂಬಕ್ಕೆ ಒಳಗಿನ ಇನ್ನೂ ಆರದ ದ್ರವ ಡೆಂಡ್ರೈಟ್ ಕೊಂಬೆಗಳ ಸಂದಿಯಿಂದ ಹೊರಮೈ ಕಡೆ ಹರಿಯುತ್ತೆ, ಆ ದ್ರವದಲ್ಲಿ ಸರಾಸರಿಗಿಂತ ತಾಮ್ರ ಜಾಸ್ತಿ ಇರುತ್ತೆ. ಹಾಗಾಗಿ ಕೊನೆಗೆ ಗಟ್ಟಿಯಾಗೋ ಮಧ್ಯಭಾಗಕ್ಕಿಂತ ಮೊದ್ಲು ಗಟ್ಟಿಯಾದ ಹೊರಮೈಲೇ ತಾಮ್ರ ಹೆಚ್ಚು ಕಾಣುತ್ತೆ. ಉಲ್ಟಾ ಸೆಗ್ರಿಗೇಶನ್ ಅಂತಾರೆ ಅದನ್ನ. ಅದಕ್ಕೆ ಫರ್ನೇಸ್‌ನಲ್ಲಿ ಔಷಧ ಇಲ್ಲ, ಯಾಕೆ ಅಂತ ಆಮೇಲೆ ಹೇಳ್ತೀನಿ.

ನಿಮ್ಮ ಎಲಾಂಗೇಶನ್ ತಿಂತಿರೋದು ಇನ್ನೊಂದು, ಕಣ್ಣಿಗೆ ಕಾಣದಷ್ಟು ಸಣ್ಣ ದೂರದ ಸೆಗ್ರಿಗೇಶನ್. ಬಾಸ್‌ದೊಂದು, ಟೆಸ್ಟ್ ಬಾರ್‌ದೊಂದು ಮೈಕ್ರೋ ಮಾಡಿಸಿ. ಮೊದ್ಲು ಎಚ್ ಮಾಡದೆ ಹಂಗೇ ಪಾಲಿಶ್ ಮಾಡಿ ನೋಡಿ, ಆಮೇಲೆ ಕೆಲ್ಲರ್ಸ್ ಹಚ್ಚಿ ನೋಡಿ. ಎರಡನ್ನೂ ಒಂದೇ 100ಪಟ್ಟಲ್ಲಿ ಫೋಟೋ ತೆಗೀರಿ, ಸ್ಕೇಲ್ ಗೆರೆ ಫೋಟೋದಲ್ಲಿ ಇರ್ಲಿ.

ಭದ್ರಾವತಿ_ಹೀಟ್ಟ್ರೀಟ್

ಮೈಕ್ರೋ ಎಲ್ಲ ಮಾಡ್ಸಿ, ಬೇಡ ಅನ್ನಲ್ಲ. ಆದ್ರೆ ನನ್ನ ಅನುಭವ ಕೇಳಿ. ಉಕ್ಕಿನ ಹೀಟ್ ಟ್ರೀಟ್‌ಮೆಂಟಲ್ಲೇ ಸರ್ವೀಸ್ ಪೂರ್ತಿ ಕಳೆದವ ನಾನು. ಎರಕದ ಮಾಲು ಅಂದ್ರೆ ಒಳಗೆ ಎಲ್ಲ ಒಂದೇ ಸಮ ಇರಲ್ಲ, ಸೋಕ್ ಕೊಡ್ಬೇಕು, ಧಾರಾಳವಾಗಿ ಕೊಡ್ಬೇಕು. ನೀವು ಕೊಟ್ಟಿರೋ ಆರು ಗಂಟೆ 45 ಎಂಎಂಗೆ ಕಮ್ಮಿ ಆಯ್ತು. ಟೆಂಪರೇಚರ್ ಏರಿಸೋ ರಿಸ್ಕ್ ಬೇಡ, ಬೇಕಾದ್ರೆ 495ಕ್ಕೇ ಇಳಿಸಿ ಎರಡು ದಿನ ಇಡಿ, ಟೈಮ್ ಕೊಟ್ರೆ ಎಲ್ಲ ಸರಿ ಹೋಗ್ತದೆ. ಸೇಫು.

ಲೋಹದಕ್ಕ

ಸಾರ್, ಸೋಕ್ ಕಮ್ಮಿ ಆಯ್ತು ಅನ್ನೋದು ನೂರಕ್ಕೆ ನೂರು ಸರಿ. 495ಲ್ಲಿ ಎರಡು ದಿನ ಅನ್ನೋದನ್ನ ಮಾತ್ರ ಒಪ್ಪಕ್ಕಾಗಲ್ಲ. 500 ಡಿಗ್ರಿ ಹತ್ರ ಅಲ್ಯೂಮಿನಿಯಂ ಗಟ್ಟಿಯಾಗಿದ್ದಾಗ ತನ್ನೊಳಗೆ ಇಟ್ಕೊಳ್ಳಕ್ಕಾಗೋದು ಸುಮಾರು 4 ಪರ್ಸೆಂಟ್ ಚಿಲ್ಲರೆ ತಾಮ್ರ. ಇವರದ್ದು 4.5. ಉಳಿದ ತಾಮ್ರ ಎರಡು ದಿನ ಇಟ್ರೂ ಎರಡು ತಿಂಗ್ಳು ಇಟ್ರೂ ಕರಗಲ್ಲ, ಅದಕ್ಕೆ ಒಳಗೆ ಜಾಗಾನೇ ಇಲ್ಲ. ಎಲ್ಲ ತಾಮ್ರ ಒಳಗೆ ಸೇರ್ಬೇಕಾದ್ರೆ 515ರ ಮೇಲೆ ಹೋಗ್ಲೇಬೇಕು. ಮೇಲಿನ ಗಡಿ 548. ಆ ಸಂದಿಲೇ ಇವರು ಕೆಲಸ ಮುಗಿಸ್ಬೇಕು.

ಪಾಲಿಟೆಕ್ನಿಕ್_ಶಾಲಿನಿ

ಅಕ್ಕ ಒಂದು ಡೌಟು. ನಮ್ಮ ಕ್ಲಾಸಲ್ಲಿ ಬರೆಸಿದ ಫೇಸ್ ಡಯಾಗ್ರಾಮ್ ಪ್ರಕಾರ 4.5 ತಾಮ್ರಕ್ಕೆ ಸಾಲಿಡಸ್ ಗೆರೆ 570 ಹತ್ರ ಬರುತ್ತೆ. ಹಾಗಿದ್ರೆ 555 ತನಕ ಆರಾಮಾಗಿ ಕಾಯಿಸ್ಬಹುದಲ್ವ, ಡಿಫ್ಯೂಶನ್ನೂ ಜೋರಾಗಿ ಆಗುತ್ತೆ. 548 ಯಾಕೆ ಗಡಿ?

ಲೋಹದಕ್ಕ

ಈ ಪ್ರಶ್ನೆಲೇ ಪೂರ್ತಿ ವಿಷಯ ಇದೆ, ಸ್ವಲ್ಪ ಉದ್ದ ಬರೀತೀನಿ, ತಾಳ್ಮೆಯಿಂದ ಓದಿ.

ಆ ಡಯಾಗ್ರಾಮ್ ಹೇಳೋದು ಲೋಹಕ್ಕೆ ಬೇಕಾದಷ್ಟು ಸಮಯ ಕೊಟ್ಟು ಇಂಚಿಂಚಾಗಿ ತಣ್ಣಗೆ ಮಾಡಿದ್ರೆ ಏನಾಗುತ್ತೆ ಅಂತ. ಎರಕದಲ್ಲಿ ಆ ಸಮಯ ಯಾರೂ ಕೊಡಲ್ಲ. ಈ ಲೋಹ 645ರ ಆಸುಪಾಸಲ್ಲಿ ಗಟ್ಟಿಯಾಗಕ್ಕೆ ಶುರು ಮಾಡುತ್ತೆ, ಮೊದ್ಲು ಹುಟ್ಟೋ ಹರಳು ನಮ್ಮ ಕಾಡಿನ ಜರೀಗಿಡದ ಎಲೆ ಥರ, ನಡುವೆ ದಂಟು, ಅದರಿಂದ ಪಕ್ಕಕ್ಕೆ ಕೊಂಬೆ, ಕೊಂಬೆಗೆ ಮತ್ತೆ ಕೊಂಬೆ. ಆ ಮೊದಲ ದಂಟಿನಲ್ಲಿ ತಾಮ್ರ ಬರೀ 0.8 ಪರ್ಸೆಂಟ್ ಅಷ್ಟೆ, ಯಾಕಂದ್ರೆ ಈ ಜೋಡಿಲಿ ಗಟ್ಟಿಯಾಗೋ ಭಾಗ ಪಕ್ಕದ ದ್ರವದಲ್ಲಿರೋ ತಾಮ್ರದ ಸುಮಾರು ಆರರಲ್ಲೊಂದು ಪಾಲು ಮಾತ್ರ ತಗೊಳ್ಳುತ್ತೆ, ಉಳಿದದ್ದನ್ನ ದ್ರವಕ್ಕೇ ತಳ್ಳುತ್ತೆ. ದ್ರವದಲ್ಲಿ ತಾಮ್ರ ಏರ್ತಾ ಹೋಗುತ್ತೆ, ಮುಂದಿನ ಪದರದಲ್ಲಿ ಸ್ವಲ್ಪ ಜಾಸ್ತಿ, ಅದರ ಮುಂದಿನದ್ರಲ್ಲಿ ಇನ್ನೂ ಜಾಸ್ತಿ. ಗಟ್ಟಿಯಾದ ಪದರಗಳು ತಮ್ಮೊಳಗೆ ಹಂಚ್ಕೊಂಡು ಸಮ ಮಾಡ್ಕೊಳ್ಳೋಷ್ಟು ಹೊತ್ತು ಇಲ್ಲ. ಇದೇ ಕೋರಿಂಗ್. ಕೆಲ್ಲರ್ಸ್ ಹಚ್ಚಿದಾಗ ಕೊಂಬೆಯ ನಡುಭಾಗ ಬಿಳಿ, ಅಂಚು ಕಪ್ಪಾಗಿ ಕಾಣೋದು ಇದಕ್ಕೇ.

ಕೊನೆಗೆ ಕೊಂಬೆಗಳ ಸಂದಿಲಿ ಉಳಿದ ದ್ರವದಲ್ಲಿ ತಾಮ್ರ 33 ಪರ್ಸೆಂಟ್ ಮುಟ್ಟುತ್ತೆ. ಅದು ಯೂಟೆಕ್ಟಿಕ್, 548ಕ್ಕೆ ಗಟ್ಟಿ ಆಗುತ್ತೆ. ಶೈಲ್ ಲೆಕ್ಕ ಹಾಕಿದ್ರೆ ಈ ಲೋಹದ ಸುಮಾರು 9 ಪರ್ಸೆಂಟ್ ತೂಕ ಇಂಥ ಯೂಟೆಕ್ಟಿಕ್ ಆಗ್ಬೇಕು. ನಿಜವಾದ ಎರಕದಲ್ಲಿ ಸ್ವಲ್ಪ ಹಿಂದಕ್ಕೆ ಡಿಫ್ಯೂಶನ್ ಆಗೋದ್ರಿಂದ ಅಷ್ಟು ಬರಲ್ಲ, ಆದ್ರೆ ಡಯಾಗ್ರಾಮ್ ಪ್ರಕಾರ ಅದು ಸೊನ್ನೆ ಇರ್ಬೇಕಿತ್ತು ನೋಡಿ! ಹಾಗಾಗಿ ಶಾಲಿನಿ, 555ಕ್ಕೆ ಒಯ್ದ್ರೆ ನಿಮ್ಮ ಡಯಾಗ್ರಾಮಿನ 4.5 ತಾಮ್ರದ ಲೋಹ ಕರಗಲ್ಲ, ಆದ್ರೆ ಬುಟ್ಟಿಲಿರೋ ಎರಕದ ಸಂದಿಗಳಲ್ಲಿರೋ ಯೂಟೆಕ್ಟಿಕ್ ಕರಗುತ್ತೆ. ಹೊರಗಿಂದ ನೋಡಿದ್ರೆ ಪೀಸು ನೆಟ್ಟಗೇ ನಿಂತಿರುತ್ತೆ, ಒಳಗೆ ಗ್ರೇನ್‌ಗಳ ಅಂಚೆಲ್ಲ ದ್ರವ ಆಗಿರುತ್ತೆ.

ಭದ್ರಾವತಿ_ಹೀಟ್ಟ್ರೀಟ್

ಇದು ಖರೆ. ನಾನು ಕಂಡಿದೀನಿ, ಒಂದು ಕಡೆ ಅಲ್ಯೂಮಿನಿಯಂ ಬ್ಯಾಚ್ ಹೀಗೇ ಸುಟ್ಟು ಹೋಗಿತ್ತು, ಫರ್ನೇಸ್ ಮೂಲೆಲಿ ಇದ್ದ ಪೀಸುಗಳ ಮೇಲೆ ಸಣ್ಣ ಸಣ್ಣ ಗುಳ್ಳೆ. ಮತ್ತೆ ಟ್ರೀಟ್ ಮಾಡಿ ಸರಿ ಮಾಡ್ಬಹುದು ಅಂತ ಮಾಡ್ನೋಡಿದ್ರು, ಆಗ್ಲಿಲ್ಲ.

ಲೋಹದಕ್ಕ

ಆಗಲ್ಲ ಸಾರ್. ಒಮ್ಮೆ ಸಂದಿ ಕರಗಿ ಮತ್ತೆ ಗಟ್ಟಿಯಾಗುವಾಗ ಕುಗ್ಗಿ ತೂತು ಬಿಡುತ್ತೆ, ಹೈಡ್ರೋಜನ್ನೂ ಅಲ್ಲೇ ಸೇರ್ಕೊಳ್ಳುತ್ತೆ. ಆ ಪೀಸು ವಾಪಸ್ ಕರಗಿಸೋದೇ ಸೈ. ಮೈಕ್ರೋದಲ್ಲಿ ಗುರುತು ಹಿಡಿಯೋದು ಸುಲಭ, ಗ್ರೇನಿನ ಒಳಗೆ ದುಂಡು ದುಂಡು ಉಂಡೆ ಥರ ಯೂಟೆಕ್ಟಿಕ್ ಕೂತಿರುತ್ತೆ, ಮೂರು ಗ್ರೇನ್ ಸೇರೋ ಕಡೆ ತ್ರಿಕೋನದ ಮಡು. ಬರೀ ಕರಗದೆ ಉಳಿದ ಎರಕದ ಯೂಟೆಕ್ಟಿಕ್ ಆದ್ರೆ ದುಂಡಗಿರಲ್ಲ, ಹರಿದ ಬಲೆ ಥರ, ಅಂಕುಡೊಂಕಾಗಿ ಅಂಚಿಗುಂಟ ಇರುತ್ತೆ. ಎರಡಕ್ಕೂ ಎಲಾಂಗೇಶನ್ ಕಮ್ಮಿನೇ, ಆದ್ರೆ ಒಂದಕ್ಕೆ ಔಷಧ ಇದೆ ಇನ್ನೊಂದಕ್ಕಿಲ್ಲ. ಅದಕ್ಕೇ ಫೋಟೋ ಕೇಳಿದ್ದು.

ಮಂಜು_ಮಾಚೇನಹಳ್ಳಿ

ಅಕ್ಕ ಫೋಟೋ ಬಂತು. ಟೆಸ್ಟ್ ಬಾರ್ ಬಹುತೇಕ ಕ್ಲೀನ್, ಅಲ್ಲೊಂದು ಇಲ್ಲೊಂದು ಚುಕ್ಕಿ. ಬಾಸ್‌ದು ಎಚ್ ಮಾಡದೆ ನೋಡಿದಾಗ್ಲೇ ಗ್ರೇನ್ ಅಂಚುಗಳಲ್ಲಿ ನಸುಗೆಂಪು ಛಾಯೆಯ ಬಲೆ, ಕೆಲವು ಕಡೆ ಮುರಿದ ಗೆರೆ ಥರ. ದುಂಡು ಉಂಡೆ ಒಂದೂ ಕಾಣ್ಲಿಲ್ಲ, ಗ್ರೇನ್ ಒಳಗಂತೂ ಇಲ್ವೇ ಇಲ್ಲ. ಬೂದು ಬಣ್ಣದ ಸೂಜಿಗಳೂ ಅಲ್ಲಲ್ಲಿ ಇವೆ. ಮುರಿದ ಟೆನ್ಸೈಲ್ ಪೀಸನ್ನೂ ಉದ್ದಕ್ಕೆ ಸೀಳಿ ನೋಡಿದ್ವಿ, ಬಿರುಕು ಆ ಬಲೆ ಹಿಡ್ಕೊಂಡೇ ಹೋಗಿದೆ.

ಲೋಹದಕ್ಕ

ಒಳ್ಳೇ ಸುದ್ದಿ, ಇದು ಔಷಧ ಇರೋ ಜಾತಿ. ಆ ನಸುಗೆಂಪು ಬಲೆ ಅಲ್ಯೂಮಿನಿಯಂ-ತಾಮ್ರದ ಸಂಯುಕ್ತ, ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ತಾಮ್ರ, ಗಾಜಿನಷ್ಟು ಪೆಡಸು. ಪೀಸನ್ನ ಎಳೆದಾಗ ಸುತ್ತ ಇರೋ ಮೆತ್ತನೆ ಅಲ್ಯೂಮಿನಿಯಂ ಹಿಗ್ಗುತ್ತೆ, ಇದು ಹಿಗ್ಗದೆ ಒಡೆಯುತ್ತೆ, ಒಡೆದದ್ದು ಒಂದಕ್ಕೊಂದು ಸೇರ್ಕೊಂಡು ಬಿರುಕಾಗುತ್ತೆ. ಅದರ ಮೇಲೆ, ಬಲಕ್ಕೆ ಬೇಕಾಗಿದ್ದ ತಾಮ್ರ ಗ್ರೇನಿನೊಳಗೆ ಸೇರದೆ ಅಂಚಲ್ಲೇ ಸಿಕ್ಕಾಕೊಂಡಿದೆ. ನಷ್ಟ ಎರಡು ಕಡೆ.

ಈಗ ಕೊಂಬೆಗಳ ಅಂತರ ಅಳೀರಿ. ಒಂದು ದಂಟು ಹುಡುಕಿ, ಅದರ ಒಂದೇ ಬದಿಗೆ ಸಾಲಾಗಿ ಕೊಂಬೆ ಐದಾರಾದ್ರೂ ಚೆನ್ನಾಗಿ ಕಾಣೋ ಕಡೆ ಗೆರೆ ಎಳೆದು ಉದ್ದ ಅಳೆದು, ಅದರಲ್ಲಿ ಎಷ್ಟು ಅಂತರ ಇದೆಯೋ ಅದರಿಂದ ಭಾಗಿಸಿ. ಬೇರೆ ಬೇರೆ ಜಾಗದಲ್ಲಿ ಹತ್ತಿಪ್ಪತ್ತು ಸಲ ಮಾಡಿ ಸರಾಸರಿ ತಗೊಳ್ಳಿ.

ಮಂಜು_ಮಾಚೇನಹಳ್ಳಿ

ಬಾಸ್ ನಡುವೆ 90 ಮೈಕ್ರಾನ್ ಆಸುಪಾಸು, ಟೆಸ್ಟ್ ಬಾರ್ 30.

ಲೋಹದಕ್ಕ

ಉತ್ತರ ಅಲ್ಲೇ ಇದೆ. ಕೋರಿಂಗ್ ಅಂದ್ರೆ ಕೊಂಬೆಯಿಂದ ಕೊಂಬೆಗೆ ತಾಮ್ರ ಅಲೆ ಅಲೆಯಾಗಿ ಏರಿಳಿಯೋದು. ಕಾಯಿಸಿ ಇಟ್ಟಾಗ ಆ ಅಲೆಯ ಎತ್ತರ ಮೂರನೇ ಒಂದು ಭಾಗಕ್ಕೆ ಇಳಿಯಕ್ಕೆ ಹಿಡಿಯೋ ಹೊತ್ತು ಸುಮಾರಾಗಿ ಇಷ್ಟು:

```
t = λ² / (4 π² D)
```

λ ನೀವು ಅಳೆದ ಅಂತರ, D ಅಲ್ಯೂಮಿನಿಯಂನಲ್ಲಿ ತಾಮ್ರ ಹರಡೋ ವೇಗ, 528 ಡಿಗ್ರಿಲಿ ಸೆಕೆಂಡಿಗೆ ಹೆಚ್ಚುಕಮ್ಮಿ 9×10⁻¹⁴ ಚದರ ಮೀಟರ್. 30 ಮೈಕ್ರಾನ್‌ಗೆ ನಾಲ್ಕು ನಿಮಿಷ ಬರುತ್ತೆ, 90ಕ್ಕೆ 38 ನಿಮಿಷ. ಅಲೆ ನೂರರಲ್ಲೊಂದು ಪಾಲು ಉಳಿಯೋ ತನಕ ಬೇಕು ಅಂದ್ರೆ ಇದರ ನಾಲ್ಕೂವರೆ ಪಟ್ಟು, ಅಂದ್ರೆ ಟೆಸ್ಟ್ ಬಾರ್‌ಗೆ ಇಪ್ಪತ್ತು ನಿಮಿಷ, ಬಾಸ್‌ಗೆ ಮೂರು ಗಂಟೆ.

ಪಾಲಿಟೆಕ್ನಿಕ್_ಶಾಲಿನಿ

ಆದ್ರೆ ಮಂಜು ಸಾರ್ ಆರು ಗಂಟೆ ಇಟ್ಟಿದಾರಲ್ಲ ಅಕ್ಕ, ಮೂರು ಗಂಟೆ ಸಾಕು ಅಂದ್ರೆ ಆಗ್ಲೇ ಆಗಿರ್ಬೇಕಿತ್ತು?

ಲೋಹದಕ್ಕ

ಸರಿಯಾಗಿ ಹಿಡಿದೆ. ಈ ಸೂತ್ರ ಅಲೆಗೆ ಮಾತ್ರ. ಯೂಟೆಕ್ಟಿಕ್ ಮಡುಗಳು ಅಲೆ ಅಲ್ಲ, ಬೇರೆ ಫೇಸು, ಅದು ಮೊದ್ಲು ದ್ರವ ಆಗ್ದೆ ಗಟ್ಟಿ ಇದ್ದಾಗ್ಲೇ ಕರಗ್ಬೇಕು, ಅದರೊಳಗಿನ ಅಷ್ಟೂ ತಾಮ್ರ ಪಕ್ಕದ ಗ್ರೇನಿಗೆ ನಡ್ಕೊಂಡು ಹೋಗ್ಬೇಕು. ಅದೂ ಎಲ್ಲ ತಾಮ್ರ ಒಳಗೆ ಸೇರೋ 515ರ ಗಡಿಗೆ ಹತ್ರ ಹತ್ರ ಇರೋವಾಗ ಪಕ್ಕದ ಲೋಹವೂ ಬೇಗ ತುಂಬಿಬಿಡುತ್ತೆ, ತುಂಬಿದಷ್ಟೂ ಕರಗೋದು ನಿಧಾನ. ಹಾಗಾಗಿ ನಿಜವಾದ ಸಮಯ ಈ ಸೂತ್ರಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆದ್ರೆ ಒಂದು ಅಂಶ ಎರಡಕ್ಕೂ ಒಂದೇ, ದೂರದ ವರ್ಗಕ್ಕೆ ತಕ್ಕಂತೆ ಸಮಯ ಹೋಗುತ್ತೆ. 90 ಅಂದ್ರೆ 30ರ ಮೂರು ಪಟ್ಟು, ಸಮಯ ಒಂಬತ್ತು ಪಟ್ಟು. ಟೆಸ್ಟ್ ಬಾರ್ ಎರಡು ಗಂಟೆಲಿ ಕ್ಲೀನ್ ಆಯ್ತು ಅಂತಿಟ್ಕೊಂಡ್ರೆ ಬಾಸ್‌ಗೆ ಹದಿನೆಂಟು ಗಂಟೆ ಬೇಕು. ಮಂಜು ಅವ್ರ ಆರು ಗಂಟೆ ಮೊದಲನೇದಕ್ಕೆ ಧಾರಾಳ, ಎರಡನೇದಕ್ಕೆ ಮೂರನೇ ಒಂದು ಪಾಲು. ಈ ಜಾತಿ ಮರಳು ಎರಕಕ್ಕೆ 14ರಿಂದ 20 ಗಂಟೆ ಸೋಕ್ ರೂಢಿಲಿರೋದು ಸುಮ್ನೆ ಅಲ್ಲ.

ಇನ್ನೊಂದು ಜಾಗ್ರತೆ. ನಿಮ್ಮಲ್ಲಿ ಮೆಗ್ನೀಸಿಯಂ ಇದೆ. ತಾಮ್ರ, ಮೆಗ್ನೀಸಿಯಂ ಎರಡೂ ಸೇರಿದ ಮೂರು ಲೋಹದ ಯೂಟೆಕ್ಟಿಕ್ 507ಕ್ಕೇ ಕರಗುತ್ತೆ. ತಣ್ಣನೆ ಪೀಸನ್ನ ಸೀದಾ 528ರ ಫರ್ನೇಸ್‌ಗೆ ನೂಕಿದ್ರೆ ಅದು ಕರಗೋದೇ. ಅದಕ್ಕೆ ಮೊದ್ಲು 495ರಲ್ಲಿ ಎರಡು ಗಂಟೆ ನಿಲ್ಸಿ, ಅದು ಗಟ್ಟಿ ಇದ್ದಾಗ್ಲೇ ಕರಗಿ ಒಳಗೆ ಸೇರ್ಕೊಳ್ಳಿ, ಆಮೇಲೆ ನಿಧಾನಕ್ಕೆ 528ಕ್ಕೆ ಏರ್ಸಿ 16 ಗಂಟೆ. ಭದ್ರಾವತಿ ಸಾರ್ ಹೇಳಿದ 495 ಮೊದಲ ಮೆಟ್ಟಿಲಾಗಿ ಸರಿಯಾಗೇ ಬೇಕು.

ಮಂಜು_ಮಾಚೇನಹಳ್ಳಿ

ಈಗ ಸೀದಾ 525ಕ್ಕೇ ಸೆಟ್ ಮಾಡ್ತಿದ್ವಿ, ಆದ್ರೂ ಸುಟ್ಟಿಲ್ಲ ಯಾಕೆ?

ಲೋಹದಕ್ಕ

ನಿಮ್ಮ ಫರ್ನೇಸ್ ತಣ್ಣಗಿಂದ 525 ಮುಟ್ಟಕ್ಕೆ ಎಷ್ಟು ಹೊತ್ತು?

ಮಂಜು_ಮಾಚೇನಹಳ್ಳಿ

ಫುಲ್ ಲೋಡ್ ಇದ್ರೆ ನಾಲ್ಕು ಗಂಟೆ, ಕೊನೆಯ ಐವತ್ತು ಡಿಗ್ರಿನೇ ಒಂದೂವರೆ ಗಂಟೆ ತಿನ್ನುತ್ತೆ.

ಲೋಹದಕ್ಕ

ಅದೇ ಕಾಪಾಡಿದ್ದು, ಏರೋ ದಾರಿಲೇ ಆ ಕಡಿಮೆ ತಾಪದ ಯೂಟೆಕ್ಟಿಕ್ ಒಳಗೆ ಸೇರ್ಕೊಂಡಿದೆ. ಹೊಸ ಜೋರಾದ ಫರ್ನೇಸ್ ತಂದು ಇದೇ ಸೆಟ್ಟಿಂಗ್ ಇಟ್ರೆ ಆಗ ಸುಡುತ್ತೆ. ಅನುಮಾನ ಇದ್ರೆ 495 ಮುಗಿಸಿದ ಪೀಸಿಂದ ಚೂರು ತೆಗೆದು ಡಿಎಸ್‌ಸಿ ಮಾಡಿಸಿ, 507 ಹತ್ರ ಗುಂಡಿ ಕಾಣ್ದೇ ಇದ್ರೆ ಮುಂದೆ ಹೋಗ್ಬಹುದು.

ಭದ್ರಾವತಿ_ಹೀಟ್ಟ್ರೀಟ್

ಫರ್ನೇಸ್ ಮಾತು ಬಂತಲ್ಲ, ಇದನ್ನ ಕೇಳಿ. ಡಿಸ್‌ಪ್ಲೇಲಿ 528 ಅಂತ ಇದ್ರೆ ಬುಟ್ಟಿಲಿ 528 ಅಂತ ಅಲ್ಲ. ಬುಟ್ಟಿಯ ನಡುವೆ ಒಂದು, ಹೀಟರ್ ಪಕ್ಕದ ಮೂಲೆಗೊಂದು, ಬಾಗ್ಲ ಹತ್ರ ಒಂದು ಥರ್ಮೋಕಪಲ್ ಪೀಸಿಗೇ ಕಟ್ಟಿ ಓಡ್ಸಿ. 515 ಕೆಳಗೆ ಹೋದ್ರೆ ಕರಗಲ್ಲ, 548 ಮೇಲೆ ಹೋದ್ರೆ ಸುಡ್ತದೆ ಅಂದ್ರೆ ನಿಮಗಿರೋದು ಮೂವತ್ತು ಚಿಲ್ಲರೆ ಡಿಗ್ರಿ ಅಗಲದ ಓಣಿ. ಫರ್ನೇಸೇ ಅತ್ಲಾಗೆ ಹದಿನೈದು ಇತ್ಲಾಗೆ ಹದಿನೈದು ಆಡ್ತಿದ್ರೆ ಲೆಕ್ಕ ಎಲ್ಲ ನೀರಿಗೆ. ಪ್ಲಸ್ ಮೈನಸ್ 5ರ ಒಳಗೆ ತರದೆ 16 ಗಂಟೆ ಶುರು ಮಾಡ್ಬೇಡಿ.

ಲೋಹದಕ್ಕ

ಇದಕ್ಕೆ ಒಂದು ಅಕ್ಷರ ಸೇರಿಸಲ್ಲ.

ಅಡಿಕೆ_ಮಿಷಿನ್_ತೀರ್ಥಹಳ್ಳಿ

ನಡುವೆ ಬಂದಿದ್ದಕ್ಕೆ ಬೇಜಾರಾಗ್ಬೇಡಿ. ಅಡಿಕೆ ಸುಲಿಯೋ ಮಿಷಿನ್ನಿಗೆ 10 ಪರ್ಸೆಂಟ್ ತವರದ ಕಂಚಿನ ಬುಷ್ ಹಾಕ್ತೀವಿ, ಲೋಕಲ್‌ನಲ್ಲೇ ಹುಯ್ಸೋದು. ಇದರಲ್ಲೂ ಈ ಕೋರಿಂಗ್ ಇರ್ತದೆ ಅಂತ ಒಬ್ರು ಹೇಳಿದ್ರು. ಹಾಗಾದ್ರೆ 700ರಲ್ಲಿ ಒಂದಿಡೀ ಹಗಲು ಇಟ್ಟು ಸಮ ಮಾಡಿಸ್ಲಾ? ಬುಷ್ ಬಾಳಿಕೆ ಜಾಸ್ತಿ ಬರ್ಬಹುದಾ ಮಾರಾಯ್ರೆ?

ಲೋಹದಕ್ಕ

ದಯವಿಟ್ಟು ಮಾಡಿಸ್ಬೇಡಿ! ಕೋರಿಂಗ್ ಇರೋದು ನಿಜ, ಡಯಾಗ್ರಾಮ್ ಪ್ರಕಾರ 10 ತವರ ಪೂರ್ತಿ ತಾಮ್ರದೊಳಗೇ ಇರ್ಬೇಕಿತ್ತು, ಎರಕದಲ್ಲಿ ಮಾತ್ರ ಕೊಂಬೆ ಸಂದಿಲಿ ತವರ ಗುಂಪು ಸೇರಿ ನೀಲಿಬಿಳುಪಿನ ಡೆಲ್ಟಾ ಅನ್ನೋ ಗಟ್ಟಿ ದ್ವೀಪಗಳು ಉಳೀತವೆ. 700ರಲ್ಲಿ ಇಟ್ರೆ ಅವು ಕರಗಿ ಹೋಗ್ತವೆ, ಪೀಸು ಮೆತ್ತಗಾಗುತ್ತೆ, ಬಾಗುತ್ತೆ. ಶೀಟ್ ಎಳೆಯೋರಿಗೆ ಅದೇ ಬೇಕು. ನಿಮ್ಮ ಬುಷ್‌ಗೆ ಆ ಗಟ್ಟಿ ದ್ವೀಪಗಳೇ ಶಾಫ್ಟ್ ಭಾರ ಹೊರೋದು, ಸುತ್ತಲಿನ ಮೆತ್ತನೆ ಭಾಗ ಸ್ವಲ್ಪ ತಗ್ಗಾಗಿ ಅಲ್ಲಿ ಎಣ್ಣೆ ನಿಲ್ಲುತ್ತೆ. ಸಮ ಮಾಡಿದ್ರೆ ಬುಷ್ ಬೇಗ ಸವೀತದೆ.

ಅಡಿಕೆ_ಮಿಷಿನ್_ತೀರ್ಥಹಳ್ಳಿ

ಓ ಹಂಗಾ. ಹಾಗಾದ್ರೆ ಇದ್ದ ಹಾಗೇ ಇರ್ಲಿ ಬಿಡಿ. ಕೆಲವು ಬುಷ್‌ನ ಹೊರಮೈಲಿ ಬೆಳ್ಳಗೆ ಬೆವರಿದ ಹಾಗೆ ಸಣ್ಣ ಹನಿ ಇರ್ತದಲ್ಲ, ಅದೂ ಇದೇನಾ?

ಲೋಹದಕ್ಕ

ಅದು ಮೇಲೆ ಹೇಳಿದ ಉಲ್ಟಾ ಸೆಗ್ರಿಗೇಶನ್‌ನ ಜೋರು ರೂಪ, ತವರ ಜಾಸ್ತಿ ಇರೋ ದ್ರವ ಹೊರಗೆ ತಳ್ಳಿಸಿಕೊಂಡು ಬಂದಿದ್ದು. ಕರಗಿದ ಕಂಚಿಗೆ ಗ್ಯಾಸ್ ಸೇರಿದ್ರೆ ಜಾಸ್ತಿ ಆಗುತ್ತೆ, ಕರಗಿಸೋರನ್ನ ವಿಚಾರಿಸಿ. ಅಂಥ ಬುಷ್ ಒಳಗೆ ಸಣ್ಣ ತೂತುಗಳೂ ಇರ್ಬಹುದು, ಒಂದನ್ನ ಸೀಳಿ ನೋಡಿ.

ಸ್ಪೆಕ್ಟ್ರೋ_ಸಾಗರ

ಅಕ್ಕ, ಹೊರಮೈ 5.1 ಒಳಗೆ 4.3 ಅನ್ನೋದಕ್ಕೆ ಫರ್ನೇಸಲ್ಲಿ ಔಷಧ ಇಲ್ಲ ಅಂದ್ರಲ್ಲ, 16 ಗಂಟೆಲಿ ಅದೂ ಸಮ ಆಗಲ್ವ?

ಲೋಹದಕ್ಕ

ಅದೇ ಸೂತ್ರಕ್ಕೆ λ ಒಂದು ಸೆಂಟಿಮೀಟರ್ ಹಾಕಿ ನೋಡಿ. ಹತ್ತಿರ ಹತ್ತಿರ ಒಂದು ವರ್ಷ ಬರುತ್ತೆ, ಹಗಲೂ ರಾತ್ರಿ 528ರಲ್ಲಿ. ಫರ್ನೇಸು ಮೈಕ್ರಾನ್ ಲೆಕ್ಕದ ದೂರಾನ ಸರಿ ಮಾಡುತ್ತೆ, ಎಂಎಂ ಸೆಂಟಿಮೀಟರ್ ದೂರಾನ ಎರಕ ಹುಯ್ಯೋವಾಗ್ಲೇ ಸರಿ ಮಾಡ್ಕೋಬೇಕು, ಗೇಟು, ರೈಸರು, ಚಿಲ್ಲು, ಹುಯ್ಯೋ ತಾಪ ಇವುಗಳಲ್ಲಿ.

ಭದ್ರಾವತಿ_ಹೀಟ್ಟ್ರೀಟ್

ಇಲ್ಲಿ ನನ್ದೊಂದು ತಕರಾರು. ಉಕ್ಕಿನ ಎರಕಾನ ನಾವು 950, 1000ದಲ್ಲಿ ನಾಲ್ಕೈದು ಗಂಟೆ ಇಟ್ಟು ಹೊಮೊಜಿನೈಸ್ ಆಯ್ತು ಅಂತಿದ್ವಿ, ಕೊಂಬೆ ಅಂತರ ಅಲ್ಲೂ ನೂರಿನ್ನೂರು ಮೈಕ್ರಾನ್ ಇರ್ತದೆ. ರಿಸಲ್ಟೂ ಬರ್ತಿತ್ತು. ಅಲ್ಯೂಮಿನಿಯಂಗೆ ಮಾತ್ರ ಯಾಕೆ 16 ಗಂಟೆ?

ಲೋಹದಕ್ಕ

ಸಾರ್, ಉಕ್ಕಲ್ಲಿ ಅಷ್ಟು ಹೊತ್ತಿಗೆ ಸಮ ಆಗೋದು ಕಾರ್ಬನ್. ಅದು ಸಣ್ಣದು, ಕಬ್ಬಿಣದ ಪರಮಾಣುಗಳ ಸಂದಿಲಿ ನುಸುಳಿ ಓಡುತ್ತೆ. ಮ್ಯಾಂಗನೀಸ್, ಕ್ರೋಮಿಯಂ, ಮಾಲಿಬ್ಡಿನಂ ಹಾಗಲ್ಲ, ಅವು ಕಬ್ಬಿಣದ ಜಾಗದಲ್ಲೇ ಕೂತಿರೋದು, ಪಕ್ಕದ ಜಾಗ ಖಾಲಿ ಆದ್ರೆ ಮಾತ್ರ ಹೆಜ್ಜೆ ಇಡ್ತವೆ. 1100ರಲ್ಲೂ 200 ಮೈಕ್ರಾನ್ ಅಂತರದ ಅಲೆ ಇಳಿಯಕ್ಕೆ ದಿನಗಟ್ಟಲೆ ಬೇಕು. ನಿಮ್ಮ ನಾಲ್ಕೈದು ಗಂಟೆಲಿ ಎರಕದ ಒರಟು ಗ್ರೇನ್ ಹೋಗಿ ಹೊಸ ಸಣ್ಣ ಗ್ರೇನ್ ಬರ್ತಿತ್ತು, ಕಾರ್ಬನ್ ಹಂಚ್ಕೋತಿತ್ತು, ರಿಸಲ್ಟ್ ಬಂದಿದ್ದು ಅದರಿಂದ ಅಂತ ನನ್ನ ಅಭಿಪ್ರಾಯ. ಮ್ಯಾಂಗನೀಸ್ ಅಲೆ ಹಾಗೇ ಇದ್ದಿರುತ್ತೆ.

ಭದ್ರಾವತಿ_ಹೀಟ್ಟ್ರೀಟ್

ಕಾರ್ಬನ್ ಮಾತು ಒಪ್ತೀನಿ. ಆದ್ರೆ ಕ್ರೋಮ್-ಮಾಲಿ ಎರಕದಲ್ಲಿ ಹೊಮೊಜಿನೈಸ್ ಮಾಡಿದ್ದಕ್ಕೂ ಮಾಡದ್ದಕ್ಕೂ ಚಾರ್ಪಿಲಿ ವ್ಯತ್ಯಾಸ ಕಣ್ಣಾರೆ ನೋಡಿದೀನಿ, ಅದು ಬರೀ ಗ್ರೇನ್ ಸೈಜಿಂದ ಅಂತ ನಾನು ಒಪ್ಪಲ್ಲ. ಅಲೆ ಪೂರ್ತಿ ಹೋಗ್ದೇ ಇದ್ರೂ ತುದಿ ಮೊಂಡಾದ್ರೂ ಲಾಭ ಇರ್ಬಹುದಲ್ಲ.

ಲೋಹದಕ್ಕ

ತುದಿ ಮೊಂಡಾಗೋದು ಸಾಧ್ಯ ಸಾರ್, ಚೂಪಾದ ಏರಿಳಿತ ಮೊದ್ಲು ಇಳಿಯುತ್ತೆ. ಎರಡನ್ನ ಬೇರೆ ಬೇರೆ ಮಾಡಿ ಅಳೀದೆ ಇಬ್ರಲ್ಲಿ ಯಾರು ಸರಿ ಅಂತ ಹೇಳಕ್ಕಾಗಲ್ಲ. ಅದಕ್ಕೇ ಬೇರೆ ಚರ್ಚೆ ತೆರೀರಿ, ನಾನೂ ಬರ್ತೀನಿ.

ಮಂಜು_ಮಾಚೇನಹಳ್ಳಿ

ಟ್ರಯಲ್ ಮುಗೀತು, ರಿಸಲ್ಟ್ ಹಾಕ್ತಿದೀನಿ. ಸಾರ್ ಹೇಳಿದ ಹಾಗೆ ಥರ್ಮೋಕಪಲ್ ಕಟ್ಟಿ ನೋಡಿದ್ರೆ ಬಾಗ್ಲ ಹತ್ರ 14 ಡಿಗ್ರಿ ಕಮ್ಮಿ, ಬಾಗ್ಲ ಸೀಲ್ ಬದಲಾಯಿಸಿ ಬುಟ್ಟಿ ಒಳಗೆ ಸರಿಸಿದ್ಮೇಲೆ ಎಲ್ಲ ಕಡೆ 5ರ ಒಳಗೆ ಬಂತು. ಆಮೇಲೆ 495ರಲ್ಲಿ 2 ಗಂಟೆ, 528ರಲ್ಲಿ 16 ಗಂಟೆ. ಬಾಸ್‌ನಿಂದ ಕತ್ತರಿಸಿದ ಬಾರ್ 7 ಪರ್ಸೆಂಟ್ ಕೊಟ್ತು. ಮೈಕ್ರೋದಲ್ಲಿ ನಸುಗೆಂಪು ಬಲೆ ಹೋಗಿದೆ, ಕೆಲವು ತುಂಡು ಮಾತ್ರ ಅಲ್ಲಲ್ಲಿ. ದುಂಡು ಉಂಡೆ ಇಲ್ಲ. ಬೂದು ಸೂಜಿ ಮಾತ್ರ ಒಂದಿಷ್ಟೂ ಕದಲಿಲ್ಲ. ಇನ್ನೂ 1 ಪರ್ಸೆಂಟ್ ಬೇಕು, 30 ಗಂಟೆ ಇಡ್ಲಾ?

ಲೋಹದಕ್ಕ

ಬೇಡ. ಆ ಸೂಜಿಗಳು ಕಬ್ಬಿಣ ಸೇರಿದ ಫೇಸು, ಎಷ್ಟು ಹೊತ್ತು ಇಟ್ರೂ ಕರಗಲ್ಲ, ಜೊತೆಗೆ ತಾಮ್ರಾನೂ ಹಿಡ್ಕೊಂಡಿರ್ತವೆ. ಅದನ್ನ ಕಮ್ಮಿ ಮಾಡಕ್ಕೆ ಕಬ್ಬಿಣ ಕಮ್ಮಿ ಇರೋ ಇಂಗಾಟ್ ಬೇಕು, ಕರಗಿಸೋವಾಗ ಕಬ್ಬಿಣದ ಸೌಟು, ಕೋಲಿಗೆ ಕೋಟಿಂಗ್ ಸರಿಯಾಗಿ ಹಚ್ಚಿರ್ಬೇಕು. ಉಳಿದ ತುಂಡುಗಳಿಗೆ ಫರ್ನೇಸ್ ಹೊತ್ತು ಏರಿಸೋ ಬದಲು ಬಾಸ್‌ಗೆ ಚಿಲ್ ಇಡಿ. ಬಾಸ್ ಗಟ್ಟಿಯಾಗೋ ಹೊತ್ತು ಎಂಟನೇ ಒಂದು ಪಾಲಾದ್ರೆ ಕೊಂಬೆ ಅಂತರ ಅರ್ಧ ಆಗುತ್ತೆ, ಅಂತರ ಅರ್ಧ ಆದ್ರೆ ಸೋಕ್ ಕಾಲು ಭಾಗ. ಸೂಜಿಗಳೂ ಸಣ್ಣಗಾಗ್ತವೆ, ಅದರಿಂದಾನೂ ಎಲಾಂಗೇಶನ್ ಬರುತ್ತೆ.

ಮಂಜು_ಮಾಚೇನಹಳ್ಳಿ

ಹಾಗಾದ್ರೆ ಚಿಲ್ ಹಾಕಿ 45 ಮೈಕ್ರಾನ್ ಬಂದ್ರೆ 16 ಗಂಟೆ 4ಕ್ಕೆ ಇಳಿಸ್ಬಹುದಾ? ಕರೆಂಟ್ ಬಿಲ್ ನೋಡಿ ಓನರ್ ಕೇಳ್ತಿದಾರೆ.

ಲೋಹದಕ್ಕ

ಬಾಸ್ ಮಧ್ಯಕ್ಕೆ ಇಳಿಸ್ಬಹುದು. ಆದ್ರೆ ಚಿಲ್ ಇಟ್ಟ ಮೇಲೆ ಕೊನೆಗೆ ಗಟ್ಟಿಯಾಗೋ ಜಾಗ ಬಾಸ್ ಅಲ್ದೇ ಬೇರೆ ಕಡೆಗೆ ಸರಿಯುತ್ತೆ, ಬಹುಶಃ ರೈಸರ್ ಕುತ್ತಿಗೆ ಕೆಳಗೆ ಅಥವಾ ಬಾಸ್ ತೋಳಿಗೆ ಸೇರೋ ಬುಡಕ್ಕೆ. ಅಲ್ಲಿ ಕತ್ತರಿಸಿ ಅಂತರ ಅಳೀರಿ. ಇಡೀ ಪೀಸಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಂತರ ಎಲ್ಲಿದೆಯೋ ಸೋಕ್ ಅದಕ್ಕೆ ತಕ್ಕಂತೆ ಇರ್ಬೇಕು. ಗಿರಾಕಿ ಡ್ರಾಯಿಂಗಲ್ಲಿ ಗಂಟೆ ಬರೆದಿದ್ರೆ ಅವ್ರ ಒಪ್ಪಿಗೆ ಇಲ್ದೆ ಇಳಿಸ್ಬೇಡಿ.

ಭದ್ರಾವತಿ_ಹೀಟ್ಟ್ರೀಟ್

ಚಿಲ್ ಬಗ್ಗೆ ಒಂದು ಮಾತು ಮಂಜು. ಈಗ ಮಳೆ ಹಿಡಿದಿದೆ, ಗಾಳಿಲೇ ನೀರು. ತಣ್ಣನೆ ಕಬ್ಬಿಣದ ಚಿಲ್ ರಾತ್ರಿಯೇ ಅಚ್ಚೊಳಗೆ ಇಟ್ಟು ಬೆಳಿಗ್ಗೆ ಹುಯ್ದ್ರೆ ಅದರ ಮೈ ಮೇಲೆ ತೇವ ಕೂತಿರ್ತದೆ, ಲೋಹ ತಾಗಿದ ಕೂಡ್ಲೇ ಗ್ಯಾಸ್ ಎದ್ದು ಬಾಸ್ ಮೈ ತುಂಬ ತೂತು. ತುಕ್ಕು ಉಜ್ಜಿ ತೆಗೆದು, ಬಿಸಿ ಮಾಡಿ, ಬೆಚ್ಚಗಿರುವಾಗ್ಲೇ ಅಚ್ಚಿಗಿಟ್ಟು ಮುಚ್ಚಿ, ತಡ ಮಾಡ್ದೆ ಹುಯ್ರಿ.

ಮಂಜು_ಮಾಚೇನಹಳ್ಳಿ

ಆಯ್ತು ಸಾರ್, ಮೋಲ್ಡರ್‌ಗೆ ಹೇಳಿದೀನಿ. ಪ್ಯಾಟರ್ನ್‌ನಲ್ಲಿ ಚಿಲ್‌ಗೆ ಜಾಗ ಮಾಡಕ್ಕೆ ಕೊಟ್ಟಿದೆ. ಬಾಸ್ ನಡು, ಬಾಸ್ ಬುಡ, ರೈಸರ್ ಕೆಳಗೆ, ಮೂರೂ ಕಡೆ ಅಂತರ ಅಳೆದು ಇಲ್ಲೇ ಹಾಕ್ತೀನಿ, 4 ಗಂಟೆನಾ 10 ಗಂಟೆನಾ ಅಂತ ಆಗ ನೋಡೋಣ.